ಗೊತ್ತಿರುವ ಉತ್ತರಕ್ಕೆ ಒಂದು ಲಕ್ಷ ಹಾದಿಗಳು: ಯುರೋಪಿಯನ್ ಕಾಲ್ ಆಪ್ಷನ್‌ಗೆ ಬೆಲೆ ಕಟ್ಟುವ ಪ್ರೋಗ್ರಾಂ ಬರೆದ ದಾಖಲೆ

ಒಂದು ಷೇರಿನ ಇಂದಿನ ಬೆಲೆ 100 ರೂಪಾಯಿ ಎಂದುಕೊಳ್ಳೋಣ. ಇಂದಿನಿಂದ ಸರಿಯಾಗಿ ಒಂದು ವರ್ಷಕ್ಕೆ ಆ ಷೇರನ್ನು 100 ರೂಪಾಯಿಗೇ ಕೊಳ್ಳುವ ಹಕ್ಕನ್ನು ಯಾರೋ ಮಾರುತ್ತಿದ್ದಾರೆ. ಕೊಳ್ಳಲೇಬೇಕೆಂಬ ಕಟ್ಟುಪಾಡು ಮಾತ್ರ ಇಲ್ಲ. ವರ್ಷದ ಕೊನೆಗೆ ಷೇರು 130ಕ್ಕೆ ಏರಿದ್ದರೆ ಹಕ್ಕುದಾರನಿಗೆ 30 ರೂಪಾಯಿ ಸಿಗುತ್ತದೆ, 80ಕ್ಕೆ ಇಳಿದಿದ್ದರೆ ಅವನು ಹಕ್ಕನ್ನು ಚಲಾಯಿಸದೆ ಸುಮ್ಮನಿರುತ್ತಾನೆ. ಕೊನೆಯ ದಿನ ಮಾತ್ರ ಚಲಾಯಿಸಬಹುದಾದ ಇಂತಹ ಹಕ್ಕಿಗೆ ಯುರೋಪಿಯನ್ ಕಾಲ್ ಆಪ್ಷನ್ ಎಂದು ಹೆಸರು. ಹೆಸರಿನಲ್ಲಿ ಯುರೋಪ್ ಇದ್ದರೂ ಅದಕ್ಕೂ ಆ ಖಂಡಕ್ಕೂ ಈಗ ಸಂಬಂಧವೇನಿಲ್ಲ. ನಮ್ಮ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ದಿನವೂ ಕೈ ಬದಲಾಯಿಸುವ ನಿಫ್ಟಿ ಆಪ್ಷನ್‌ಗಳೂ ಇದೇ ಜಾತಿಯವು.

ಈ ಹಕ್ಕಿಗೆ ಇಂದು ಎಷ್ಟು ಪ್ರೀಮಿಯಂ ಕೊಡುವುದು ನ್ಯಾಯ ಎಂಬುದನ್ನು ಷೇರಿನ ಬೆಲೆ ಸಾಗಬಹುದಾದ ಸಾವಿರಾರು ಹಾದಿಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ಪ್ರತಿ ಹಾದಿಯ ಕೊನೆಗೆ ಸಿಗುವ ಹಣದ ಸರಾಸರಿ ತೆಗೆದು, ಅದನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಕಂಡುಹಿಡಿಯುವುದು ನಾನು ಕೈಗೆತ್ತಿಕೊಂಡ ಕೆಲಸ. ಲೆಕ್ಕಕ್ಕೆ ಹಿಡಿದ ಅಂಕಿಗಳು ಇಷ್ಟೇ: ಬಡ್ಡಿದರ ವರ್ಷಕ್ಕೆ ಶೇಕಡಾ 5, ಅದೂ ಕ್ಷಣಕ್ಷಣಕ್ಕೂ ಅಸಲಿಗೆ ಸೇರುವ ಚಕ್ರಬಡ್ಡಿ, ಷೇರಿನ ಏರಿಳಿತದ ಅಳತೆಯಾದ ವೊಲಟಿಲಿಟಿ ಶೇಕಡಾ 20, ಡಿವಿಡೆಂಡ್ ಇಲ್ಲ.

ಈ ಪ್ರಶ್ನೆಗೆ 1973ರಲ್ಲೇ ಬ್ಲ್ಯಾಕ್–ಶೋಲ್ಸ್ ಸೂತ್ರ ಉತ್ತರ ಕೊಟ್ಟಾಗಿದೆ, ಮೇಲಿನ ಅಂಕಿಗಳಿಗೆ ಆ ಉತ್ತರ 10.4506 ರೂಪಾಯಿ. ಹಾಗಿದ್ದರೆ ಈ ಸುತ್ತುಬಳಸು ಏಕೆ ಎಂದು ಕೇಳುವುದು ಸಹಜ. ಕೊನೆಯ ಬೆಲೆಯ ಬದಲು ಇಡೀ ವರ್ಷದ ಸರಾಸರಿ ಬೆಲೆಯ ಮೇಲೆ ಹಣ ಕೊಡುವಂತಹ ಒಪ್ಪಂದಗಳು ಬಂದಾಗ ಅಷ್ಟು ಸುಲಭದ ಸೂತ್ರ ಸಿಗುವುದಿಲ್ಲ, ಹಾದಿಗಳನ್ನು ಹುಟ್ಟಿಸುವ ವಿಧಾನ ಮಾತ್ರ ಅಲ್ಲಿಯೂ ನಡೆಯುತ್ತದೆ. ಫೆಲಿಮ್ ಬಾಯ್ಲ್ 1977ರಲ್ಲಿ ಆಪ್ಷನ್‌ಗಳಿಗೆ ಯಾದೃಚ್ಛಿಕ ಸಂಖ್ಯೆಗಳಿಂದ ಹೀಗೆ ಹಾದಿ ಹುಟ್ಟಿಸುವ ಮಾಂಟೆ ಕಾರ್ಲೊ ವಿಧಾನವನ್ನು ಅನ್ವಯಿಸಿ ತೋರಿಸಿದಂದಿನಿಂದ ಇದು ಬಳಕೆಯಲ್ಲಿದೆ. ಹೊಸ ತಕ್ಕಡಿಯನ್ನು ಮೊದಲು ಮುದ್ರೆಯೊತ್ತಿದ ತೂಕದ ಕಲ್ಲಿಟ್ಟು ನೋಡುತ್ತೇವಲ್ಲ, ಹಾಗೆ ಉತ್ತರ ಗೊತ್ತಿರುವ ಒಪ್ಪಂದವನ್ನೇ ನಾನು ಮೊದಲಿಗೆ ಆರಿಸಿಕೊಂಡೆ.

ಮೊದಲು ಕೈಲೆಕ್ಕ

ಪ್ರೋಗ್ರಾಂ ಬರೆಯುವ ಮುನ್ನ ನಾಲ್ಕು ಹಾದಿಗಳನ್ನು ಕಾಗದದ ಮೇಲೆ ಕ್ಯಾಲ್ಕುಲೇಟರ್ ಹಿಡಿದು ಮಾಡಿದೆ. ವರ್ಷದ ಕೊನೆಯ ಬೆಲೆಯನ್ನು ಒಂದೇ ಹೆಜ್ಜೆಯಲ್ಲಿ ಕೊಡುವ ಸೂತ್ರ ಹೀಗಿದೆ:

```
ST = S0 * exp((r - sigma^2/2) * T + sigma * sqrt(T) * Z)
```

ಇಲ್ಲಿ `S0` ಇಂದಿನ ಬೆಲೆ, `ST` ಕೊನೆಯ ಬೆಲೆ, `r` ಬಡ್ಡಿದರ, `sigma` ವೊಲಟಿಲಿಟಿ, `T` ವರ್ಷಗಳಲ್ಲಿ ಅವಧಿ; `Z` ಎಂಬುದು ಸರಾಸರಿ 0, ಮಾನಕ ವಿಚಲನೆ 1 ಇರುವ ನಾರ್ಮಲ್ ವಿತರಣೆಯಿಂದ ಎತ್ತಿದ ಯಾದೃಚ್ಛಿಕ ಸಂಖ್ಯೆ. ನಮ್ಮ ಅಂಕಿಗಳನ್ನು ಹಾಕಿದರೆ ಘಾತವು 0.03 + 0.2`Z` ಆಗುತ್ತದೆ. `Z` 0.5 ಆದರೆ ಕೊನೆಯ ಬೆಲೆ 113.88, ಸಿಗುವ ಹಣ 13.88. `Z` −1.2 ಆದರೆ ಬೆಲೆ 81.06, ಸಿಗುವುದು ಸೊನ್ನೆ. `Z` 1.8 ಆದರೆ ಬೆಲೆ 147.70, ಸಿಗುವುದು 47.70. `Z` −0.3 ಆದರೆ ಬೆಲೆ 97.04, ಮತ್ತೆ ಸೊನ್ನೆ. ನಾಲ್ಕರ ಮೊತ್ತ 61.58, ಸರಾಸರಿ ಸುಮಾರು 15.40. ವರ್ಷದ ನಂತರ ಬರುವ ಒಂದು ರೂಪಾಯಿಗೆ ಶೇಕಡಾ 5ರ ಬಡ್ಡಿಯಲ್ಲಿ ಇಂದು 0.9512 ರೂಪಾಯಿ ಬೆಲೆ. ಆದ್ದರಿಂದ ಸರಾಸರಿಯ ಇಂದಿನ ಮೌಲ್ಯ 14.64.

ನಿಜವಾದ ಉತ್ತರ 10.45 ಇರುವಾಗ 14.64 ಬಂದದ್ದು ನಾಲ್ಕೇ ಹಾದಿಗಳ ತಪ್ಪು, ಸೂತ್ರದ್ದಲ್ಲ. ಮೊತ್ತದ ಮುಕ್ಕಾಲು ಪಾಲು ಒಂದೇ ಹಾದಿಯಿಂದ ಬಂದಿದೆ ಎಂಬುದು ಇಲ್ಲಿ ಗಮನಿಸಬೇಕಾದ ವಿಷಯ. ಈ ಒಪ್ಪಂದದಲ್ಲಿ ನೂರಕ್ಕೆ 44 ಹಾದಿಗಳು ಏನನ್ನೂ ಕೊಡುವುದಿಲ್ಲ, ಬೆಲೆಯ ದೊಡ್ಡ ಪಾಲನ್ನು ಹೊರುವುದು ಬಹಳ ಮೇಲಕ್ಕೆ ಹೋದ ಕೆಲವು ಹಾದಿಗಳು. ಮುಂದೆ ಉತ್ತರಗಳಲ್ಲಿ ಎದುರಾಗುವ ಆಕಸ್ಮಿಕ ಏರುಪೇರಿನ ಗದ್ದಲಕ್ಕೆಲ್ಲ ಮೂಲ ಇದೇ.

ಪ್ರೋಗ್ರಾಂ, ಮತ್ತು 11.77

ಪೈಥಾನಿನಲ್ಲಿ ನಂಪೈ ಬಳಸಿ ಬರೆದೆ. ವರ್ಷವನ್ನು ಸುಮಾರು ವಹಿವಾಟಿನ ದಿನಗಳಷ್ಟು, ಅಂದರೆ 252 ಹೆಜ್ಜೆಗಳಾಗಿ ಸೀಳಿದೆ. ಈ ಒಪ್ಪಂದಕ್ಕೆ ಒಂದೇ ಹೆಜ್ಜೆ ಸಾಕು ಎಂಬುದು ನಿಜ. ಬೆಲೆಯ ಲಘುಗಣಕವನ್ನು ಮುಂದೂಡುತ್ತಾ ಹೋದರೆ ಒಂದು ಹೆಜ್ಜೆಯಿಂದ ಬಂದ ಕೊನೆಯ ಬೆಲೆಗೂ 252 ಹೆಜ್ಜೆಗಳಿಂದ ಬಂದದ್ದಕ್ಕೂ ವಿತರಣೆಯಲ್ಲಿ ಯಾವ ವ್ಯತ್ಯಾಸವೂ ಇಲ್ಲ. ಆದರೂ ಮುಂದೆ ಸರಾಸರಿ ಬೆಲೆಯ ಒಪ್ಪಂದಕ್ಕೆ ಇದೇ ಯಂತ್ರವನ್ನು ಬಳಸುವ ಉದ್ದೇಶವಿದ್ದುದರಿಂದ ಹಾದಿಗಳನ್ನು ಉಳಿಸಿಕೊಂಡೆ.

ಮೊದಲಿಗೆ ಎಲ್ಲ ಹಾದಿಗಳ ಎಲ್ಲ ದಿನಗಳನ್ನೂ ಒಂದೇ ಕೋಷ್ಟಕದಲ್ಲಿಡಲು ಹೋಗಿದ್ದೆ. ಒಂದು ಲಕ್ಷ ಹಾದಿಗಳನ್ನು 252 ದಿನಗಳಿಂದ ಗುಣಿಸಿದರೆ 2.52 ಕೋಟಿ ಸಂಖ್ಯೆಗಳು, ಒಂದೊಂದಕ್ಕೆ 8 ಬೈಟ್‌ನಂತೆ ಸುಮಾರು 200 ಎಂಬಿ. ಯಾದೃಚ್ಛಿಕ ಸಂಖ್ಯೆಗಳಿಗೊಂದು, ಅವುಗಳ ಸಂಚಿತ ಮೊತ್ತಕ್ಕೊಂದು, ಘಾತಕ್ಕೊಂದು ಎಂದು ಅಂತಹ ಮೂರು ನಾಲ್ಕು ಕೋಷ್ಟಕಗಳು ಒಟ್ಟಿಗೆ ಬದುಕಿರುತ್ತವೆ. 4 ಜಿಬಿಯ ನನ್ನ ಹಳೆಯ ಲ್ಯಾಪ್‌ಟಾಪ್ ತೆವಳತೊಡಗಿತು. ಆದ್ದರಿಂದ ಪ್ರತಿ ಹಾದಿಯ ಆ ದಿನದ ಬೆಲೆಯನ್ನಷ್ಟೇ ಇಟ್ಟುಕೊಂಡು ದಿನದಿನಕ್ಕೆ ಮುಂದೆ ತಳ್ಳುವ ಲೂಪಿಗೆ ಬದಲಾಯಿಸಿದೆ.

ಓಡಿಸಿದಾಗ ಬಂದ ಬೆಲೆ 11.77ರ ಆಸುಪಾಸಿನಲ್ಲಿತ್ತು. ಹಾದಿಗಳು ಸಾಲದೆ ಹೀಗಾಗಿರಬಹುದು ಎಂದುಕೊಂಡು ಲಕ್ಷವನ್ನು ಹತ್ತು ಲಕ್ಷ ಮಾಡಿ, ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಕಾದಿತ್ತು: ಮತ್ತೆ 11.77. ಯಾದೃಚ್ಛಿಕ ಸಂಖ್ಯೆಗಳ ಸರಣಿ ಎಲ್ಲಿಂದ ಶುರುವಾಗಬೇಕೆಂದು ಹೇಳುವ ಸೀಡ್ ಅನ್ನು ಬದಲಾಯಿಸಿ ಇನ್ನೂ ಎರಡು ಬಾರಿ ಓಡಿಸಿದೆ. ಎರಡನೆಯ ದಶಮಾಂಶ ತುಸು ಕುಣಿಯಿತೇ ಹೊರತು ಬೆಲೆ 11.77ರ ಆಸುಪಾಸಿನಿಂದ ಕದಲಲಿಲ್ಲ. ಆಕಸ್ಮಿಕದಿಂದ ಬಂದ ವ್ಯತ್ಯಾಸವಾಗಿದ್ದರೆ ಹಾದಿಗಳನ್ನು ಹತ್ತು ಪಟ್ಟು ಹೆಚ್ಚಿಸಿದಾಗ ಅದು ಮೂರನೆಯ ಒಂದು ಪಾಲಿಗೆ ಕುಗ್ಗಬೇಕಿತ್ತು. ಕುಗ್ಗದೆ ನಿಂತ ವ್ಯತ್ಯಾಸವೆಂದರೆ ಪ್ರೋಗ್ರಾಂ ಬೇರೆಯೇ ಪ್ರಶ್ನೆಗೆ ನಿಖರವಾಗಿ ಉತ್ತರಿಸುತ್ತಿದೆ ಎಂದರ್ಥ. ಇದನ್ನು ಅರಿಯದೆ ಹಾದಿಗಳನ್ನು ಹೆಚ್ಚಿಸುತ್ತಲೇ ಹೋದರೆ ತಪ್ಪು ಉತ್ತರ ಇನ್ನಷ್ಟು ದೃಢವಾಗಿ ಕಾಣುತ್ತದೆ, ಅಷ್ಟೆ.

ಷೇರನ್ನೇ ತೂಗಿ ನೋಡುವುದು

ಆಪ್ಷನ್ ಅನ್ನು ಬದಿಗಿಟ್ಟು ಇನ್ನೂ ಸರಳವಾದ ಪ್ರಶ್ನೆ ಕೇಳಿದೆ: ವರ್ಷದ ಕೊನೆಗೆ ಒಂದು ಷೇರನ್ನೇ ಕೊಡುವ ಒಪ್ಪಂದಕ್ಕೆ ಇಂದು ಎಷ್ಟು ಬೆಲೆ? ಡಿವಿಡೆಂಡ್ ಇಲ್ಲದ ಷೇರನ್ನು ಇಂದೇ 100 ರೂಪಾಯಿಗೆ ಕೊಂಡು ಪೆಟ್ಟಿಗೆಯಲ್ಲಿಟ್ಟರೆ ಆ ಒಪ್ಪಂದ ಪೂರೈಸಿದಂತೆಯೇ. ಆದ್ದರಿಂದ ಅದರ ಬೆಲೆ 100 ಬಿಟ್ಟು ಬೇರೆ ಆಗಲಾರದು. ಹಾಗಿದ್ದಮೇಲೆ ಎಲ್ಲ ಹಾದಿಗಳ ಕೊನೆಯ ಬೆಲೆಗಳ ಸರಾಸರಿ ತೆಗೆದು ಇಂದಿನ ಮೌಲ್ಯಕ್ಕೆ ಇಳಿಸಿದಾಗ ನನ್ನ ಪ್ರೋಗ್ರಾಂ ಸಹ 100 ಹೇಳಬೇಕು. ಒಂದು ಸಾಲು ಸೇರಿಸಿ ಮುದ್ರಿಸಿದೆ. ಬಂದದ್ದು 102.02. ಒಂದು ಲಕ್ಷ ಹಾದಿಗಳಲ್ಲಿ ಈ ಸರಾಸರಿ ಆಕಸ್ಮಿಕವಾಗಿ ಅತ್ತಿತ್ತ ಆಡುವುದು ಸುಮಾರು ಆರು ಪೈಸೆಯಷ್ಟು ಮಾತ್ರ. ಎರಡು ರೂಪಾಯಿ ಎಂದರೆ ಅದರ ಮೂವತ್ತು ಪಟ್ಟು.

ತಪ್ಪು ಇದ್ದದ್ದು ಈ ಸಾಲಿನಲ್ಲಿ:

```python
logS += r * dt + sigma * np.sqrt(dt) * Z
```

ಕೈಲೆಕ್ಕದಲ್ಲಿ ಸರಿಯಾಗಿ ಬರೆದಿದ್ದ `- sigma^2/2` ಎಂಬ ಪದವನ್ನು ಟೈಪ್ ಮಾಡುವಾಗ ನುಂಗಿಬಿಟ್ಟಿದ್ದೆ. ಬಡ್ಡಿದರ 5 ಎಂದ ಮೇಲೆ ಷೇರೂ ಸರಾಸರಿ 5ರಂತೆ ಬೆಳೆಯಬೇಕು, ಅದರಲ್ಲಿ ಕಳೆಯುವುದೇನಿದೆ ಎಂದು ಬೆರಳುಗಳೇ ತೀರ್ಮಾನಿಸಿರಬೇಕು. ಕಳೆಯಬೇಕಾದ ಕಾರಣ ಬಹಳ ಸರಳ. ಲಘುಗಣಕದಲ್ಲಿ 0.2 ಮೇಲಕ್ಕೆ ಮತ್ತು 0.2 ಕೆಳಕ್ಕೆ ಎಂಬುದು ಸಮಸಮನಾದ ಹೆಜ್ಜೆಗಳು, ಆದರೆ ಬೆಲೆಗೆ ತಿರುಗಿಸಿದಾಗ 100 ರೂಪಾಯಿ ಒಮ್ಮೆ 122.14 ಆಗುತ್ತದೆ, ಇನ್ನೊಮ್ಮೆ 81.87 ಆಗುತ್ತದೆ. ಏರಿದಾಗ ಸಿಕ್ಕಿದ್ದು 22 ರೂಪಾಯಿ, ಇಳಿದಾಗ ಕಳೆದುಕೊಂಡದ್ದು 18. ಎರಡರ ಸರಾಸರಿ 100 ಆಗದೆ 102.01 ಆಗುತ್ತದೆ. ಏರಿಳಿತ ಇದ್ದಷ್ಟೂ ಬೆಲೆಯ ಸರಾಸರಿ ತಾನಾಗಿಯೇ ಮೇಲಕ್ಕೆ ಉಬ್ಬುತ್ತದೆ, ಆ ಉಬ್ಬನ್ನು ಸರಿದೂಗಿಸಲು ವೊಲಟಿಲಿಟಿಯ ವರ್ಗದ ಅರ್ಧವನ್ನು, ಅಂದರೆ ನಮ್ಮ ಲೆಕ್ಕದಲ್ಲಿ 0.02 ಅನ್ನು, ಮೊದಲೇ ಕಳೆದಿಡಬೇಕು.

ತಿದ್ದಿದ ಪ್ರೋಗ್ರಾಂ ಪೂರ್ತಿ ಇಷ್ಟೇ. `seed` ಇರುವಲ್ಲಿ ಯಾವ ಪೂರ್ಣಾಂಕವನ್ನಾದರೂ ಕೊಡಬಹುದು.

```python
import numpy as np

S0, K, r, sigma, T = 100.0, 100.0, 0.05, 0.20, 1.0
n, m = 100_000, 252
dt = T / m
rng = np.random.default_rng(seed)

logS = np.full(n, np.log(S0))
for _ in range(m):
    Z = rng.standard_normal(n)
    logS += (r - 0.5 * sigma**2) * dt + sigma * np.sqrt(dt) * Z

ST = np.exp(logS)
D = np.exp(-r * T)
X = D * np.maximum(ST - K, 0.0)
Y = D * ST
print(X.mean(), X.std(ddof=1) / np.sqrt(n))
print(Y.mean(), np.log(ST / S0).std())
```

ಕೊನೆಯ ಸಾಲು ಮುದ್ರಿಸುವ ಎರಡು ಸಂಖ್ಯೆಗಳನ್ನು ನಾನೀಗ ಬೆಲೆಗಿಂತ ಮೊದಲು ನೋಡುತ್ತೇನೆ. ಮೊದಲನೆಯದಾದ ಷೇರಿನ ತೂಕ 100ರ ಹತ್ತಿರ ಇರಬೇಕು, ಎರಡನೆಯದಾದ ವರ್ಷದ ಏರಿಳಿತ 0.20ರ ಹತ್ತಿರ. ಈ ಪರೀಕ್ಷೆಗೆ ಎಷ್ಟು ಕಣ್ಣಿದೆ ಎಂದು ತಿಳಿಯಲು ಬೇಕೆಂದೇ ಕೆಲವು ತಪ್ಪುಗಳನ್ನು ತುರುಕಿ ನೋಡಿದೆ. `np.sqrt(dt)` ಬದಲು ಬರೀ `dt` ಬರೆದರೆ ದಿನದ ಏರಿಳಿತ ಹದಿನಾರನೆಯ ಒಂದು ಪಾಲಿಗೆ ಕುಸಿದು, ಹಾದಿಗಳೆಲ್ಲ ನೂಲು ಹಿಡಿದಂತೆ ಒಟ್ಟಿಗೆ ಸಾಗಿ, ಆಪ್ಷನ್ ಬೆಲೆ 2.91ಕ್ಕೆ ಇಳಿಯುತ್ತದೆ. ಆಗ ಷೇರಿನ ತೂಕ 98.03 ತೋರುತ್ತದೆ, ಏರಿಳಿತ 0.20ರ ಬದಲು 0.013ರ ಹತ್ತಿರ ಬರುತ್ತದೆ. ಎರಡೂ ಪರೀಕ್ಷೆಗಳು ತಪ್ಪನ್ನು ಹಿಡಿದವು. ಆದರೆ ಎಲ್ಲ ಹಾದಿಗಳ ಸರಾಸರಿ ಬೆಲೆಯನ್ನು ಮೊದಲು ತೆಗೆದು, ಆ ಮೇಲೆ 100 ಕಳೆದು `maximum` ಹಾಕಿದರೆ ಉತ್ತರ 4.88 ಬರುತ್ತದೆ, ಎರಡೂ ಪರೀಕ್ಷೆಗಳು ಮಾತ್ರ ಎಲ್ಲ ಸರಿಯಿದೆ ಎನ್ನುತ್ತವೆ. ಹಾದಿಗಳು ಸರಿಯಾಗಿವೆ, ಹಣ ಎಣಿಸಿದ ಕ್ರಮ ತಪ್ಪು. ಇಳಿದ ಹಾದಿಗಳ ನಷ್ಟವನ್ನು ಏರಿದ ಹಾದಿಗಳ ಲಾಭಕ್ಕೆ ವಜಾ ಹಾಕಿಬಿಟ್ಟರೆ ಹಕ್ಕು ಎಂಬುದೇ ಉಳಿಯುವುದಿಲ್ಲ. ಕೊಳ್ಳಲೇಬೇಕಾದ ಕರಾರಿನ ಬೆಲೆಯಷ್ಟೇ ಆ 4.88.

ಭಾವಮೈದನ ಪ್ರಶ್ನೆ

ನಿಫ್ಟಿ ಆಪ್ಷನ್‌ಗಳಲ್ಲಿ ಆಗಾಗ ಕೈಯಾಡಿಸುವ ನನ್ನ ಭಾವಮೈದ ಪರದೆಯನ್ನು ನೋಡುತ್ತಾ ನಿಂತಿದ್ದವನು, "ಭಾವ, ಷೇರು ವರ್ಷಕ್ಕೆ ಹನ್ನೆರಡು ಪರ್ಸೆಂಟ್ ಏರುತ್ತೆ ಅಂತ ಇಟ್ಕೊಳ್ಳಿ. ನೀವು ಐದೇ ಹಾಕಿದ್ದೀರಲ್ಲ, ಕಾಲ್ ಬೆಲೆ ಕಡಿಮೆ ಬರಲ್ವಾ?" ಎಂದು ಕೇಳಿದ. ಈ ಸಂದೇಹ ಬರದವರಿಗೆ ವಿಷಯ ಅರ್ಥವಾಗಿಲ್ಲವೆಂದೇ ನನ್ನ ಭಾವನೆ. ಇಂದಿನ ಮೌಲ್ಯಕ್ಕೆ ಇಳಿಸುವ ದರವನ್ನು 5ರಲ್ಲೇ ಬಿಟ್ಟು, ಹಾದಿಗಳ ಬೆಳವಣಿಗೆಗೆ ಮಾತ್ರ 12 ಹಾಕಿ ಓಡಿಸಿ ತೋರಿಸಿದೆ: ಕಾಲ್ ಬೆಲೆ 15.53, ಷೇರಿನ ತೂಕ 107.25. ಬೀದಿಯಲ್ಲಿ 100ಕ್ಕೆ ಸಿಗುವ ಷೇರಿಗೆ 107 ಹೇಳುವ ಯಂತ್ರ ಅದೇ ಷೇರಿನ ಆಪ್ಷನ್‌ಗೆ ಹೇಳುವ ಬೆಲೆಯನ್ನು ನಂಬುವುದು ಹೇಗೆ?

ಅವನು ಅರ್ಧ ಒಪ್ಪಿದ. ಉಳಿದರ್ಧಕ್ಕೆ ಕಾಗದದ ಹಿಂಬದಿಯಲ್ಲಿ ಒಂದು ಆಟದ ಷೇರನ್ನು ಬರೆದೆ. ಇಂದಿನ ಬೆಲೆ 100, ನಾಳೆ ಅದು 110 ಆಗುತ್ತದೆ ಅಥವಾ 90 ಆಗುತ್ತದೆ, ಬಡ್ಡಿ ಇಲ್ಲ. 100ರ ಕಾಲ್ ನಾಳೆ 10 ರೂಪಾಯಿ ಕೊಡುತ್ತದೆ ಅಥವಾ ಏನೂ ಕೊಡುವುದಿಲ್ಲ. ಈಗ 45 ರೂಪಾಯಿ ಸಾಲ ತೆಗೆದು, ಕೈಯಿಂದ 5 ರೂಪಾಯಿ ಸೇರಿಸಿ, ಅರ್ಧ ಷೇರು ಕೊಳ್ಳೋಣ. ನಾಳೆ ಷೇರು 110 ಆದರೆ ಅರ್ಧ ಷೇರು 55, ಸಾಲ ತೀರಿಸಿದ ಮೇಲೆ 10 ಉಳಿಯುತ್ತದೆ. 90 ಆದರೆ ಅರ್ಧ ಷೇರು 45, ಸಾಲಕ್ಕೆ ಸರಿಹೋಗಿ ಸೊನ್ನೆ ಉಳಿಯುತ್ತದೆ. ಕಾಲ್ ಕೊಡುವುದನ್ನೇ ಈ ಜೋಡಿಯೂ ಕೊಡುವುದರಿಂದ ಕಾಲ್ ಬೆಲೆ 5 ರೂಪಾಯಿಯೇ. ಷೇರು ಏರುವ ಸಂಭವ ನೂರಕ್ಕೆ 50 ಎಂದಾಗಲಿ 80 ಎಂದಾಗಲಿ ಈ ಲೆಕ್ಕದಲ್ಲಿ ಎಲ್ಲಿಯೂ ಕೇಳಲೇ ಇಲ್ಲ. ಏರುವ ನಿರೀಕ್ಷೆ ಷೇರಿನ 100 ರೂಪಾಯಿ ಬೆಲೆಯೊಳಗೇ ಸೇರಿಹೋಗಿದೆ, ಅದನ್ನು ಆಪ್ಷನ್‌ನಲ್ಲಿ ಎರಡನೆಯ ಬಾರಿ ಎಣಿಸುವಂತಿಲ್ಲ. ವರ್ಷಪೂರ್ತಿ ಪ್ರತಿ ಕ್ಷಣವೂ ಹೀಗೆ ಷೇರು ಮತ್ತು ಸಾಲವನ್ನು ಹೊಂದಿಸುತ್ತಾ ಹೋಗಬಹುದೆಂಬ ಊಹೆಯ ಮೇಲೆ ಬ್ಲ್ಯಾಕ್–ಶೋಲ್ಸ್ ಸೂತ್ರವೂ ನಿಂತಿದೆ, ನನ್ನ ಹಾದಿಗಳೂ ನಿಂತಿವೆ. ಆದ್ದರಿಂದ ಈ ಹಾದಿಗಳು ಷೇರು ಮುಂದೆ ಎಲ್ಲಿಗೆ ಹೋಗುತ್ತದೆ ಎಂಬ ಭವಿಷ್ಯವಾಣಿಯಲ್ಲ. ಇದನ್ನು ಹೇಳಿದಾಗ ಭಾವಮೈದನ ಆಸಕ್ತಿ ಸ್ವಲ್ಪ ಇಳಿಯಿತು ಎಂಬುದನ್ನೂ ದಾಖಲಿಸಬೇಕು.

ಎಷ್ಟು ಹಾದಿ ಸಾಕು

ತಿದ್ದಿದ ಪ್ರೋಗ್ರಾಂ ಈಗ ಒಂದೊಂದು ಸೀಡ್‌ಗೆ ಒಂದೊಂದು ಬೆಲೆ ಕೊಡುತ್ತದೆ, ಸಾಮಾನ್ಯವಾಗಿ 10.36 ಮತ್ತು 10.54ರ ನಡುವೆ. ಬೆಲೆಯ ಪಕ್ಕದಲ್ಲಿ ಮುದ್ರಿಸಿದ ಎರಡನೆಯ ಸಂಖ್ಯೆ ಮಾನಕ ದೋಷ. ಒಂದೊಂದು ಹಾದಿಯ ಹಣದ ಮಾನಕ ವಿಚಲನೆಯನ್ನು ಹಾದಿಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದರೆ ಅದು ಸಿಗುತ್ತದೆ. ಹತ್ತು ರೂಪಾಯಿ ಬೆಲೆಯ ಈ ಆಪ್ಷನ್‌ನಲ್ಲಿ ಒಂದು ಹಾದಿಯ ಹಣದ ಮಾನಕ ವಿಚಲನೆ 14.72 ರೂಪಾಯಿ, ಬೆಲೆಗಿಂತಲೂ ದೊಡ್ಡದು. ಲಕ್ಷದ ವರ್ಗಮೂಲ ಸುಮಾರು 316, ಹಾಗಾಗಿ ಮಾನಕ ದೋಷ 4.7 ಪೈಸೆ. ಉತ್ತರವು ನೂರಕ್ಕೆ 95 ಬಾರಿ ಇದರ ಎರಡು ಪಟ್ಟಿನೊಳಗೆ, ಅಂದರೆ ಒಂಬತ್ತು ಪೈಸೆಯ ಆಚೀಚೆ, ಬೀಳುತ್ತದೆ.

ಒಂಬತ್ತನ್ನು ಒಂದು ಪೈಸೆಗೆ ಇಳಿಸಬೇಕೆಂದರೆ ಸುಮಾರು 87 ಲಕ್ಷ ಹಾದಿಗಳು ಬೇಕು. ವರ್ಗಮೂಲದ ಈ ಬಿಗಿಪಟ್ಟಿನಿಂದ ತಪ್ಪಿಸಿಕೊಳ್ಳಲು ಹಾದಿಗಳನ್ನು ಹೆಚ್ಚಿಸುವುದಕ್ಕಿಂತ ಒಂದೊಂದು ಹಾದಿಯ ಗದ್ದಲವನ್ನು ತಗ್ಗಿಸುವುದು ಅಗ್ಗ.

ಮೊದಲು ಕನ್ನಡಿ ಹಾದಿಗಳನ್ನು ಮಾಡಿದೆ: ಪ್ರತಿ `Z` ಜೊತೆಗೆ −`Z` ಬಳಸಿ ಇನ್ನೊಂದು ಹಾದಿಯನ್ನೂ ನಡೆಸಿ, ಎರಡರ ಹಣದ ಸರಾಸರಿಯನ್ನು ಒಂದು ಮಾದರಿಯೆಂದು ಎಣಿಸುವುದು. ಒಂದು ಹಾದಿ ಅತಿಯಾಗಿ ಏರಿದಾಗ ಜೋಡಿ ಹಾದಿ ಇಳಿದಿರುವುದರಿಂದ ಅತಿರೇಕಗಳು ಹದಕ್ಕೆ ಬರುತ್ತವೆ. ಒಟ್ಟು ಲಕ್ಷ ಹಾದಿಗಳಿಗೆ, ಅಂದರೆ 50 ಸಾವಿರ ಜೋಡಿಗಳಿಗೆ, ಮಾನಕ ದೋಷ 3.3 ಪೈಸೆಗೆ ಇಳಿಯಬೇಕು. ನನ್ನ ಪರದೆಯಲ್ಲಿ ಮಾತ್ರ ಅದು 4.7ರಲ್ಲೇ ನಿಂತಿತ್ತು. ಹತ್ತು ಸೀಡ್ ಬದಲಾಯಿಸಿ ನೋಡಿದಾಗ ಬೆಲೆಗಳು ನಿಜಕ್ಕೂ ಒತ್ತೊತ್ತಾಗಿ ಬೀಳುತ್ತಿದ್ದವು, ದೋಷದ ಅಂಕಿ ಮಾತ್ರ ಹಳೆಯದನ್ನೇ ಹಾಡುತ್ತಿತ್ತು. ಜೋಡಿಯ ಎರಡೂ ಹಾದಿಗಳನ್ನು ಪರಸ್ಪರ ಸಂಬಂಧವಿಲ್ಲದ ಬೇರೆ ಬೇರೆ ಮಾದರಿಗಳೆಂದು ಎಣಿಸಿ ವಿಚಲನೆ ತೆಗೆದದ್ದೇ ಕಾರಣ. ಜೋಡಿಗಳ ಸರಾಸರಿಯನ್ನು ಮೊದಲು ತೆಗೆದು, 50 ಸಾವಿರ ಸಂಖ್ಯೆಗಳ ಮೇಲೆ ವಿಚಲನೆ ಲೆಕ್ಕ ಹಾಕಿದಾಗ ಸರಿಯಾಯಿತು.

ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ತಪ್ಪು ಹಿಡಿಯಲು ಬಳಸಿದ್ದ ಆ ಷೇರಿನ ತೂಕವೇ. ಯಾವುದೋ ಒಂದು ಓಟದಲ್ಲಿ ಷೇರಿನ ಸರಾಸರಿ 100ರ ಬದಲು 100.10 ಬಂದಿದೆ ಎಂದುಕೊಳ್ಳಿ. ಆ ಓಟದ ಹಾದಿಗಳು ಅದೃಷ್ಟವಶಾತ್ ಸ್ವಲ್ಪ ಮೇಲಕ್ಕೆ ವಾಲಿವೆ, ಆದ್ದರಿಂದ ಕಾಲ್ ಬೆಲೆಯೂ ತುಸು ಹೆಚ್ಚಾಗಿಯೇ ಬಂದಿರುತ್ತದೆ. ಎಷ್ಟು ಹೆಚ್ಚು ಎಂಬುದನ್ನು ಅದೇ ಹಾದಿಗಳಿಂದ ಅಂದಾಜಿಸಿ ಕಳೆದುಬಿಡಬಹುದು:

```python
C = np.cov(X, Y)
b = C[0, 1] / C[1, 1]
W = X - b * (Y - S0)
print(W.mean(), W.std(ddof=1) / np.sqrt(n))
```

ನಮ್ಮ ಅಂಕಿಗಳಿಗೆ `b` ಸುಮಾರು 0.67 ಬರುತ್ತದೆ. ಷೇರಿನ ತೂಕ ಹತ್ತು ಪೈಸೆ ಹೆಚ್ಚು ತೋರಿದ್ದರೆ ಕಾಲ್ ಬೆಲೆಯಿಂದ 6.7 ಪೈಸೆ ಕಳೆಯಬೇಕೆಂದು ಇದರರ್ಥ. ಒಂದು ಹಾದಿಯ ವಿಚಲನೆ 14.72ರಿಂದ 5.61ಕ್ಕೆ ಇಳಿಯಿತು, ಲಕ್ಷ ಹಾದಿಗಳ ಮಾನಕ ದೋಷ 1.8 ಪೈಸೆಯಾಯಿತು. ಈ ಮೂರು ಸಾಲುಗಳಿಲ್ಲದೆ ಅಷ್ಟೇ ನಿಖರತೆಗೆ ಏಳು ಲಕ್ಷದ ಹತ್ತಿರ ಹಾದಿಗಳು ಬೇಕಾಗುತ್ತಿದ್ದವು. ಒಂದು ಎಚ್ಚರಿಕೆ ಮಾತ್ರ ಅಗತ್ಯ: ತಿದ್ದುಪಡಿಯು ಷೇರಿನ ನಿಜವಾದ ತೂಕ 100 ಎಂದು ನಂಬಿ ನಡೆಯುತ್ತದೆ. ಹಾದಿಗಳಲ್ಲೇ ದೋಷವಿದ್ದರೆ ಇದು ಆ ದೋಷವನ್ನು ಭಾಗಶಃ ಮುಚ್ಚಿಹಾಕುತ್ತದೆ. ನನ್ನ ಹಳೆಯ ತಪ್ಪು ಸಾಲನ್ನು ಹಾಗೆಯೇ ಬಿಟ್ಟು ಇದನ್ನು ಹಚ್ಚಿದ್ದರೆ 11.77 ಇಳಿದು ನಿಜವಾದ ಬೆಲೆಯ ಪಕ್ಕದಲ್ಲೇ ಬಂದು ಕೂರುತ್ತಿತ್ತು, ನಾನು ಸರಿಯಾಯಿತೆಂದು ಎದ್ದುಹೋಗುತ್ತಿದ್ದೆ. ಆದ್ದರಿಂದ `Y.mean()` ಅನ್ನು ತಿದ್ದುಪಡಿಗೆ ಮುನ್ನವೇ ಮುದ್ರಿಸಿ ನೋಡುವ ಅಭ್ಯಾಸ ಬಿಟ್ಟಿಲ್ಲ.

ಷೇರು ಕೊಳ್ಳಲು ಒಪ್ಪಂದದಲ್ಲಿ ಗೊತ್ತುಮಾಡಿದ ಸ್ಟ್ರೈಕ್ ಬೆಲೆ ಇಂದಿನ ಬೆಲೆಯಿಂದ ಮೇಲಕ್ಕೆ ದೂರ ಹೋದಂತೆ ಈ ಅನುಕೂಲ ಕರಗುತ್ತದೆ. 150ರ ಕಾಲ್‌ಗೆ ಸೂತ್ರದ ಬೆಲೆ ಸುಮಾರು 36 ಪೈಸೆ, ಹಣ ಕೊಡುವ ಹಾದಿಗಳು ನೂರಕ್ಕೆ ಮೂರು. ಉಳಿದ 97 ಹಾದಿಗಳಲ್ಲಿ ಷೇರು ಏರಿದರೂ ಇಳಿದರೂ ಆಪ್ಷನ್ ಸೊನ್ನೆಯಲ್ಲೇ ಕೂತಿರುವುದರಿಂದ ಷೇರಿನ ಚಲನೆ ಅದರ ಬಗ್ಗೆ ಹೇಳುವುದು ಕಡಿಮೆ.

ಪೈಸೆಯ ಆಚೆ

ಇಷ್ಟಾದ ಮೇಲೆ ಮಾನಕ ದೋಷವನ್ನು ಇನ್ನೂ ಇಳಿಸುವ ಹುಮ್ಮಸ್ಸಿನಲ್ಲಿದ್ದಾಗ ಒಂದು ಓಟವನ್ನು ವೊಲಟಿಲಿಟಿ 0.21 ಇಟ್ಟು ಮಾಡಿದೆ. ಬೇರೆ ಸೀಡ್ ಕೊಟ್ಟರೆ ಎರಡು ಓಟಗಳ ಗದ್ದಲವೂ ವ್ಯತ್ಯಾಸದೊಳಗೆ ಬೆರೆಯುತ್ತದೆ, ಆದ್ದರಿಂದ ಎರಡಕ್ಕೂ ಒಂದೇ ಸೀಡ್ ಕೊಟ್ಟು ಅವೇ ಯಾದೃಚ್ಛಿಕ ಸಂಖ್ಯೆಗಳ ಮೇಲೆ ಹೋಲಿಸಿದೆ. ಬೆಲೆ 10.45ರಿಂದ 10.83ಕ್ಕೆ ಹೋಯಿತು. ವೊಲಟಿಲಿಟಿಯ ಒಂದೇ ಅಂಶಕ್ಕೆ 38 ಪೈಸೆ; ನಾನು ದಿನಗಟ್ಟಲೆ ಗುದ್ದಾಡಿ ಗಳಿಸಿದ 1.8 ಪೈಸೆಯ ದೋಷಕ್ಕೆ ಇದು ಇಪ್ಪತ್ತು ಪಟ್ಟು. ಶೇಕಡಾ 20 ಎಂಬುದನ್ನು ನಾನು ಕೊಟ್ಟದ್ದು, ಹಾದಿಗಳು ಕಂಡುಹಿಡಿದದ್ದಲ್ಲ. ಮಾರುಕಟ್ಟೆಯಲ್ಲಂತೂ ಒಂದೇ ಕೊನೆಯ ದಿನವಿರುವ ಬೇರೆ ಬೇರೆ ಸ್ಟ್ರೈಕ್‌ಗಳ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಬೇರೆ ಬೇರೆ ವೊಲಟಿಲಿಟಿ ಸಿಗುತ್ತದೆ. ಎಲ್ಲಕ್ಕೂ ಒಂದೇ ಸಂಖ್ಯೆ ಎಂಬ ಊಹೆಯನ್ನು ನನ್ನ ಪ್ರೋಗ್ರಾಂ ಸೂತ್ರದಿಂದ ಹಾಗೆಯೇ ಎರವಲು ಪಡೆದಿದೆ. ಹಾದಿಗಳ ಸಂಖ್ಯೆಯನ್ನು ಲಕ್ಷದಲ್ಲೇ ನಿಲ್ಲಿಸಿ, `sigma` ಇರುವ ಜಾಗದಲ್ಲಿ ಬೆಲೆ ಮತ್ತು ದಿನಕ್ಕೆ ತಕ್ಕಂತೆ ಬದಲಾಗುವ ಫಂಕ್ಷನ್ ಒಂದನ್ನು ಕೂರಿಸಲು ಲೂಪಿನ ಒಳಸಾಲನ್ನು ಬಿಚ್ಚಿಟ್ಟಿದ್ದೇನೆ.